ಕರಾರು ಮುಗಿಯುವುದು ಮಾರ್ಚಿನಲ್ಲಿ, ಕೆಲಸ ಡಿಸೆಂಬರಿನಲ್ಲಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರ ಯಂತ್ರ ನಿರ್ವಹಣೆ ಕರಾರು, 64 ಪುಟ. ಅದರ ಹೊಣೆಗಳ ರಿಜಿಸ್ಟರ್ ಮಾಡಲು ಕೂತು ಮೂರು ದಿನವಾಯಿತು. ದಂಡ, ಸೇವಾಮಟ್ಟ, ರದ್ದತಿಯ ಕಾರಣಗಳು ಬೇಗ ಸಾಲು ಹಿಡಿದವು. ಕಾಡಿದ್ದು ನವೀಕರಣ.

ಅವಧಿ 2027ರ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬೇಡವೆಂಬ ನೋಟಿಸ್ 90 ದಿನ ಮುಂಚೆ ತಲುಪದಿದ್ದರೆ ತಾನಾಗಿಯೇ ಇನ್ನೊಂದು ವರ್ಷ. ಅಂದರೆ ಡಿಸೆಂಬರ್ 31, ಹಾಗೇ ಬರೆದಿದ್ದೆ. ಆಮೇಲೆ 58ನೇ ಪುಟದಲ್ಲಿ ಸಿಕ್ಕಿತು: ಇಮೇಲ್ ನಡೆಯದು, ಅಂಚೆಯೇ ಆಗಬೇಕು, ಹಾಕಿದ ಐದನೇ ದಿನ ತಲುಪಿದಂತೆ ಲೆಕ್ಕ. ಕೊನೆಯ ದಿನ 26ಕ್ಕೆ ಇಳಿಯಿತು, ಅದರ ಹಿಂದಿನ ದಿನ ಕ್ರಿಸ್‌ಮಸ್ ರಜೆ.

‘ಕೆಲಸದ ದಿನ’ ಎಂಬ ಬೇರೆ ಕಾಲಂ ಹಾಕಿ ಡಿಸೆಂಬರ್ 1 ಎಂದು ಬರೆದೆ, ಪಕ್ಕದಲ್ಲಿ ಎರಡೂ ಕಲಮುಗಳ ಸಂಖ್ಯೆ. ಮಾಲಕರು ಹಾಳೆ ನೋಡಿ, “ಹ್ವಾದ ವರ್ಷ ಇದ ತಪ್ಪಿತ್ರಿ” ಅಂದರು.