ಒಂದೇ ತೇವ, ಎರಡು ಮೈಕು: ಬೆಳಗಾವಿಯ ಮಳೆಗಾಲದ ಒಂದು ಸಂಗೀತ ಕಛೇರಿಯಿಂದ

ಡೈನಾಮಿಕ್ ಮೈಕಿಗೂ ಕಂಡೆನ್ಸರ್ ಮೈಕಿಗೂ ಇರುವ ವ್ಯತ್ಯಾಸವನ್ನು ನಮ್ಮ ಕೆಲಸದಲ್ಲಿ ಸಾಮಾನ್ಯವಾಗಿ ಎರಡೇ ಮಾತಿನಲ್ಲಿ ಮುಗಿಸುತ್ತೇವೆ: ಒಂದಕ್ಕೆ ಫ್ಯಾಂಟಮ್, ಅಂದರೆ ಮಿಕ್ಸರಿನಿಂದ ಮೈಕಿನ ಕೇಬಲಿನಲ್ಲೇ ಬರುವ ವಿದ್ಯುತ್, ಬೇಡ, ಇನ್ನೊಂದಕ್ಕೆ ಬೇಕು. ಈ ಮಾತು ಸುಳ್ಳಲ್ಲ. ಆದರೆ ಕಾರ್ಯಕ್ರಮ ನಡೆಯುತ್ತಿರುವಾಗ ಒಂದು ಮೈಕು ಕೆಟ್ಟು ಪಕ್ಕದ್ದು ಸರಿಯಾಗಿಯೇ ಇದ್ದರೆ, ದೋಷ ಎಲ್ಲಿದೆ ಎಂದು ಹುಡುಕಲು ಅದು ಏನೂ ಸಹಾಯ ಮಾಡುವುದಿಲ್ಲ. ಎರಡು ಮೈಕುಗಳೊಳಗೆ ವಿದ್ಯುತ್ ಸಂಕೇತ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಆ ಹುಡುಕಾಟ ಬೇಗ ಮುಗಿಯುತ್ತದೆ. ಬೆಳಗಾವಿಯಲ್ಲಿ ಜುಲೈ ತಿಂಗಳ ಒಂದು ಸಂಜೆ ಇದನ್ನು ನಾನು ಹತ್ತಿರದಿಂದ ಕಂಡೆ.

ನಮ್ಮ ಸಂಸ್ಥೆ ವಿಜಯಪುರದ್ದು. ಹೆಚ್ಚಿನ ಕಾರ್ಯಕ್ರಮಗಳು ಅಲ್ಲಿಯ ಒಣ ಹವೆಯಲ್ಲಿಯೇ ನಡೆಯುತ್ತವೆ. ನಮ್ಮ ಸಾಮಾನು ಇಡುವ ರೂಢಿ, ಚೆಕ್‌ಲಿಸ್ಟ್, ಎಲ್ಲವೂ ಆ ಹವೆಗೆ ಹೊಂದಿಕೊಂಡು ಬೆಳೆದವು. ಸಹ್ಯಾದ್ರಿಯ ಸೆರಗಿನಲ್ಲಿರುವ ಬೆಳಗಾವಿಯ ಮಳೆಗಾಲ ಬೇರೆಯೇ ಸಂಗತಿ. ಆ ದಿನ ಹಿಂದುಸ್ತಾನಿ ವಾದ್ಯಸಂಗೀತದ ಕಛೇರಿ ಇತ್ತು. ಸಿತಾರಿಗೆ ಒಂದು ಸಣ್ಣ ಕಂಡೆನ್ಸರ್, ತಬಲಾದ ಎರಡಕ್ಕೂ ಡೈನಾಮಿಕ್. ಮೈಕುಗಳ ಪೆಟ್ಟಿಗೆ ಮುಂಜಾನೆಯಿಂದ ಎಸಿ ಹಾಕಿದ್ದ ಧ್ವನಿಮುದ್ರಣ ಕೋಣೆಯಲ್ಲಿತ್ತು. ಅಲ್ಲಿಂದ ನೇರವಾಗಿ ಸಭಾಂಗಣಕ್ಕೆ ಬಂದು, ಕೂಡಲೇ ಬಿಚ್ಚಿ ಸ್ಟ್ಯಾಂಡಿಗೆ ಏರಿತು. ಒದ್ದೆ ಬಟ್ಟೆಯಲ್ಲಿ ಬಂದ ಶ್ರೋತೃಗಳಿಂದ ಸಭಾಂಗಣ ತುಂಬಿತ್ತು, ಕಿಟಕಿಯ ಗಾಜಿನ ಮೇಲೆ ಹಬೆ ಕೂತಿತ್ತು.

ಆಲಾಪ ಆರಂಭವಾದ ಸ್ವಲ್ಪ ಹೊತ್ತಿಗೆ ಸಿತಾರಿನ ಚಾನೆಲ್‌ನಲ್ಲಿ ಎಣ್ಣೆಯಲ್ಲಿ ಏನೋ ಕರಿದಂತಹ ಚರ್‌ಚರ್ ಸದ್ದು ಬರತೊಡಗಿತು. ಆಲಾಪದಲ್ಲಿ ಸ್ವರಗಳ ನಡುವಿನ ಮೌನವೇ ದೊಡ್ಡದಾಗಿರುವುದರಿಂದ ಅದು ಮೊದಲ ಸಾಲಿಗೂ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮವರೆಲ್ಲರ ಮೊದಲ ಸಂಶಯ ಎಂದಿನಂತೆ ಕೇಬಲ್ ಮೇಲೆ. ವೇದಿಕೆಯ ಬದಿಯಲ್ಲಿದ್ದ ಹುಡುಗ ಬಗ್ಗಿಕೊಂಡು ಹೋಗಿ ಕೇಬಲ್ ಬದಲಿಸಿ, ಇಂಟರ್‌ಕಾಮ್‌ನಲ್ಲಿ, “ಅಣ್ಣಾ, ಕೇಬಲ್ ಬ್ಯಾರೇದು ಹಾಕೇನ್ರಿ, ಆದ್ರೂ ನಿಂದ್ರವಲ್ದು,” ಎಂದ. ಸ್ಟೇಜ್ ಬಾಕ್ಸಿನ ಸಾಕೆಟ್ ಬದಲಿಸಿದರೂ ಸದ್ದು ಹೋಗಲಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ಲಕ್ಷಣ ಮೀಟರಿನಲ್ಲಿತ್ತು: ಸೌಂಡ್ ಚೆಕ್ ಹೊತ್ತಿನ ಮಟ್ಟಕ್ಕಿಂತ ಸಿತಾರಿನ ಮಟ್ಟ ನಿಧಾನವಾಗಿ ಕುಸಿಯುತ್ತಿತ್ತು. ಸಡಿಲವಾದ ಕೇಬಲ್ ಸದ್ದನ್ನು ಕಡಿದು ಕಡಿದು ಕೊಡುತ್ತದೆಯೇ ಹೊರತು ಹೀಗೆ ಮೆಲ್ಲಗೆ ಇಳಿಸುವುದಿಲ್ಲ. ಪಕ್ಕದಲ್ಲೇ, ಅದೇ ತೇವದಲ್ಲಿ, ಅದೇ ಎಸಿ ಕೋಣೆಯಿಂದ ಬಂದ ತಬಲಾ ಮೈಕುಗಳು ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತಿದ್ದವು.

ಈ ಎರಡು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಮೈಕಿನ ಒಳಗೇ ಸಿಗುತ್ತದೆ. ಮೊದಲು ಡೈನಾಮಿಕ್ ಮೈಕನ್ನು ತೆಗೆದುಕೊಳ್ಳೋಣ. ಅದರ ತೆಳು ಡಯಾಫ್ರಮಿನ ಬೆನ್ನಿಗೆ ಕೂದಲೆಳೆಯಂತಹ ತಂತಿಯ ಸುರುಳಿ ಅಂಟಿರುತ್ತದೆ, ಆ ಸುರುಳಿ ಆಯಸ್ಕಾಂತದ ಕಿರಿದಾದ ಸಂದಿಯಲ್ಲಿ ತೂಗಿರುತ್ತದೆ. ಸದ್ದು ಡಯಾಫ್ರಮನ್ನು ಅಲುಗಿಸಿದಾಗ ಸುರುಳಿ ಕಾಂತಕ್ಷೇತ್ರವನ್ನು ಕತ್ತರಿಸುತ್ತ ಚಲಿಸುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ಪ್ರೇರಣೆಯ ನಿಯಮದಂತೆ ತಂತಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಈ ವೋಲ್ಟೇಜು ಕಾಂತಕ್ಷೇತ್ರದ ಬಲ, ಕ್ಷೇತ್ರದೊಳಗಿನ ತಂತಿಯ ಉದ್ದ ಮತ್ತು ಸುರುಳಿಯ ವೇಗ, ಈ ಮೂರರ ಗುಣಲಬ್ಧ. ಉದಾಹರಣೆಗೆ 1 ಟೆಸ್ಲಾ ಕ್ಷೇತ್ರದಲ್ಲಿ 4 ಮೀಟರ್ ತಂತಿ ಸೆಕೆಂಡಿಗೆ ಅರ್ಧ ಮಿಲಿಮೀಟರ್ ವೇಗದಲ್ಲಿ ಚಲಿಸಿದರೆ 2 ಮಿಲಿವೋಲ್ಟ್ ಸಿಗುತ್ತದೆ. ಸುರುಳಿ ಎಷ್ಟು ದೂರ ಸರಿಯಿತು ಎಂಬುದಲ್ಲ, ಎಷ್ಟು ವೇಗವಾಗಿ ಸರಿಯಿತು ಎಂಬುದೇ ಇಲ್ಲಿ ಲೆಕ್ಕ. ಹೊರಗಿನ ವಿದ್ಯುತ್ತಿನ ಅಗತ್ಯವೇ ಇಲ್ಲ, ಏಕೆಂದರೆ ಸದ್ದಿನ ಶಕ್ತಿಯೇ ನೇರವಾಗಿ ವಿದ್ಯುತ್ತಾಗುತ್ತದೆ. ಸುರುಳಿಯ ಭಾರವನ್ನು ಡಯಾಫ್ರಮ್ ಹೊರಬೇಕಾದ್ದರಿಂದ ಅತಿ ಮೇಲಿನ ಸ್ವರಾಂಶಗಳಲ್ಲಿ ಅದು ಸ್ವಲ್ಪ ಹಿಂದೆ ಬೀಳುತ್ತದೆ. ಸಿತಾರಿನ ಜವಾರಿಯ, ಅಂದರೆ ತಂತಿ ಬ್ರಿಜ್ ಮೇಲೆ ಸವರುತ್ತ ಹುಟ್ಟಿಸುವ ಝೇಂಕಾರದ, ಮಿನುಗು ಅದರಲ್ಲಿ ಪೂರ್ಣವಾಗಿ ಬಾರದಿರುವುದಕ್ಕೆ ಇದೇ ಕಾರಣ.

ಕಂಡೆನ್ಸರ್ ಕ್ಯಾಪ್ಸೂಲಿನಲ್ಲಿ ಸುರುಳಿಯೂ ಇಲ್ಲ, ಆಯಸ್ಕಾಂತವೂ ಇಲ್ಲ. ವಿದ್ಯುತ್ ಹರಿಯುವ ಲೇಪವಿರುವ ಒಂದು ತೆಳು ಪೊರೆ ಮುಂದೆ, ಗಟ್ಟಿ ಲೋಹದ ತಟ್ಟೆ ಹಿಂದೆ. ನಡುವೆ ಸುಮಾರು 25 ಮೈಕ್ರೋಮೀಟರಿನಷ್ಟು ಗಾಳಿಯ ಸಂದಿ. ಇವೆರಡೂ ಸೇರಿ 50 ಪಿಕೋಫ್ಯಾರಡ್ ಆಸುಪಾಸಿನ ಒಂದು ಪುಟ್ಟ ಕೆಪಾಸಿಟರ್ ಆಗುತ್ತವೆ. ಅದಕ್ಕೆ, 60 ವೋಲ್ಟ್ ಎಂದುಕೊಳ್ಳೋಣ, ಒಂದು ಸ್ಥಿರ ವೋಲ್ಟೇಜನ್ನು ಬಹು ದೊಡ್ಡ ರೆಸಿಸ್ಟರ್ ಮೂಲಕ ಕೊಡಲಾಗುತ್ತದೆ. ಒಮ್ಮೆ ತುಂಬಿದ ಚಾರ್ಜು ಅಲ್ಲಿಯೇ ನಿಲ್ಲುತ್ತದೆ. ಪೊರೆ ಅಲುಗಿದಾಗ ಸಂದಿ ಹಿಗ್ಗಿ ಕುಗ್ಗುತ್ತದೆ, ಕೆಪಾಸಿಟನ್ಸ್ ಬದಲಾಗುತ್ತದೆ, ಚಾರ್ಜು ಬದಲಾಗಲು ಸಮಯವಿಲ್ಲದ್ದರಿಂದ ವೋಲ್ಟೇಜೇ ಬದಲಾಗಬೇಕಾಗುತ್ತದೆ. ಸಂದಿ ಹತ್ತು ಸಾವಿರದಲ್ಲಿ ಒಂದು ಪಾಲು ಬದಲಾದರೆ 60 ವೋಲ್ಟಿನಲ್ಲಿ ಅಷ್ಟೇ ಪಾಲು, ಅಂದರೆ 6 ಮಿಲಿವೋಲ್ಟ್, ಸಂಕೇತವಾಗಿ ಸಿಗುತ್ತದೆ. ಇಲ್ಲಿ ವೇಗದ ಮಾತಿಲ್ಲ. ಪೊರೆ ಎಷ್ಟು ಸರಿಯಿತು ಎಂಬುದಷ್ಟೇ ಲೆಕ್ಕ.

ಈ ವ್ಯವಸ್ಥೆಯೆಲ್ಲ ‘ಚಾರ್ಜು ಅಲ್ಲಿಯೇ ನಿಲ್ಲುತ್ತದೆ’ ಎಂಬ ಒಂದೇ ಷರತ್ತಿನ ಮೇಲೆ ನಿಂತಿದೆ. ಅದಕ್ಕಾಗಿಯೇ ಆ ರೆಸಿಸ್ಟರ್ 1 ಗಿಗಾಓಮ್, ಅಂದರೆ ನೂರು ಕೋಟಿ ಓಮ್, ಅಥವಾ ಅದಕ್ಕೂ ಹೆಚ್ಚು ಇರುತ್ತದೆ. 50 ಪಿಕೋಫ್ಯಾರಡ್ ಮತ್ತು 1 ಗಿಗಾಓಮ್ ಸೇರಿದಾಗ ಸುಮಾರು 3 ಹರ್ಟ್ಜ್‌ಗಿಂತ ಮೇಲಿನ ಎಲ್ಲ ಸದ್ದಿಗೂ ಚಾರ್ಜು ಕದಲದೆ ನಿಂತಂತೆಯೇ ಲೆಕ್ಕ. ಕ್ಯಾಪ್ಸೂಲಿನ ಪಕ್ಕದಲ್ಲೇ ಎಫ್‌ಇಟಿ ಎಂಬ ಟ್ರಾನ್ಸಿಸ್ಟರ್ ಕೂರಿಸಿರುವುದೂ ಇದೇ ಕಾರಣಕ್ಕೆ: ಇಷ್ಟು ಸಣ್ಣ ಕೆಪಾಸಿಟರನ್ನು ನೇರವಾಗಿ ಉದ್ದ ಕೇಬಲಿಗೆ ಜೋಡಿಸಿದರೆ ಸಂಕೇತ ಕೇಬಲಿನ ಕೆಪಾಸಿಟನ್ಸಿನಲ್ಲೇ ಕರಗಿಹೋಗುತ್ತದೆ. ಫ್ಯಾಂಟಮ್ 48 ವೋಲ್ಟ್ ಇಂತಹ ಮೈಕಿನಲ್ಲಿ ಎರಡು ಕೆಲಸ ಮಾಡುತ್ತದೆ, ಎಫ್‌ಇಟಿಯನ್ನು ನಡೆಸುತ್ತದೆ ಮತ್ತು, ಮೈಕಿನೊಳಗೇ ಬೇಕಾದ ವೋಲ್ಟೇಜಿಗೆ ಏರಿ, ಕ್ಯಾಪ್ಸೂಲಿಗೆ ಚಾರ್ಜು ತುಂಬುತ್ತದೆ.

ಈಗ ತೇವದ ಲೆಕ್ಕ. ತಣ್ಣನೆಯ ಕೋಣೆಯಿಂದ ಬಂದ ಲೋಹದ ಮೈಕು ತೇವ ತುಂಬಿದ ಬೆಚ್ಚನೆಯ ಗಾಳಿಗೆ ಬಿದ್ದಾಗ ಕಣ್ಣಿಗೆ ಕಾಣದ ನೀರಿನ ಪದರ ಅದರ ಒಳಗೂ ಕೂರುತ್ತದೆ. ಪೊರೆಯ ಉಂಗುರಕ್ಕೂ ಹಿಂದಿನ ತಟ್ಟೆಗೂ ನಡುವಿನ ಅವಾಹಕದ ಮೇಲೆ ಆ ಪದರ 10 ಕೋಟಿ ಓಮಿನ ಒಂದು ದಾರಿಯನ್ನು ಮಾಡಿತು ಎಂದುಕೊಳ್ಳಿ. ಸಾಮಾನ್ಯ ಮಲ್ಟಿಮೀಟರ್ ಅದನ್ನು ‘ಸಂಪರ್ಕವೇ ಇಲ್ಲ’ ಎಂದು ತೋರಿಸಿಬಿಡಬಹುದು. ಆದರೆ ಕ್ಯಾಪ್ಸೂಲಿಗೆ ಚಾರ್ಜು ಬರುವುದು ನೂರು ಕೋಟಿ ಓಮಿನ ಮೂಲಕ, ಸೋರುವುದು ಹತ್ತು ಕೋಟಿಯ ಮೂಲಕ. ತುಂಬುವ ತೊರೆಗಿಂತ ತಳದ ತೂತು ದೊಡ್ಡದಾದ ಕೊಡದಂತೆ, 60 ವೋಲ್ಟ್ ಇರಬೇಕಾದಲ್ಲಿ ಸುಮಾರು ಐದೂವರೆ ವೋಲ್ಟ್ ಉಳಿಯುತ್ತದೆ. ಸಂಕೇತ ಹನ್ನೊಂದರಲ್ಲಿ ಒಂದು ಪಾಲಿಗೆ, ಅಂದರೆ 20 ಡೆಸಿಬೆಲ್‌ಗಿಂತ ತುಸು ಹೆಚ್ಚು, ಇಳಿಯುತ್ತದೆ. ಅದೂ ಅಲ್ಲದೆ ನೀರಿನ ದಾರಿ ಸ್ಥಿರವಾಗಿರುವುದಿಲ್ಲ. ಕ್ಷಣಕ್ಷಣಕ್ಕೂ ಕೂಡುತ್ತದೆ, ಕಡಿಯುತ್ತದೆ, ಪ್ರತಿ ಸಲವೂ ಚಾರ್ಜು ಜಿಗಿಯುತ್ತದೆ. ಆ ಜಿಗಿತವೇ ಚರ್‌ಚರ್ ಸದ್ದು. ಮಟ್ಟದ ಕುಸಿತ ಮತ್ತು ಸದ್ದು ಎರಡೂ ಒಟ್ಟಿಗೆ ಬಂದದ್ದು ಹೀಗೆ.

ಅದೇ ಹತ್ತು ಕೋಟಿ ಓಮಿನ ದಾರಿ ತಬಲಾ ಮೈಕಿನ ಸುರುಳಿಯ ಎರಡು ತುದಿಗಳ ನಡುವೆ ಆದರೂ ಏನೂ ಆಗುವುದಿಲ್ಲ. ಆ ಮೈಕಿನ ಮೂಲರೋಧ ಕೆಲವು ನೂರು ಓಮ್ ಮಾತ್ರ, ಅದರ ಮುಂದೆ ಹತ್ತು ಕೋಟಿ ಓಮ್ ಇದ್ದೂ ಇಲ್ಲದ ಲೆಕ್ಕ. ಅಲ್ಲಿ ಕಾಯಬೇಕಾದ ಚಾರ್ಜೇ ಇಲ್ಲ. ಡೈನಾಮಿಕ್ ಮೈಕು ಗಟ್ಟಿ ಎನ್ನುವಾಗ ಜನ ಅದು ನೆಲಕ್ಕೆ ಬಿದ್ದರೂ ತಾಳುವುದನ್ನು ನೆನೆಯುತ್ತಾರೆ. ನನ್ನ ದೃಷ್ಟಿಯಲ್ಲಿ ಅದರ ನಿಜವಾದ ಗಟ್ಟಿತನ ಈ ಕಡಿಮೆ ರೋಧದಲ್ಲಿದೆ.

ವೇದಿಕೆಯ ಮೇಲೆ ನಿರ್ಧಾರಕ್ಕೆ ಹೆಚ್ಚು ಹೊತ್ತು ಇರಲಿಲ್ಲ. ಮುಖ್ಯ ಸ್ಪೀಕರುಗಳಿಗೂ ಕಲಾವಿದರ ಕಡೆಗಿರುವ ಮಾನಿಟರ್ ಸ್ಪೀಕರಿಗೂ ಆ ಚಾನೆಲ್ ಮ್ಯೂಟ್ ಮಾಡಿದೆ, ಏಕೆಂದರೆ ಫ್ಯಾಂಟಮ್ ಇರುವ ದಾರಿಯಲ್ಲಿ ಮೈಕು ಕಿತ್ತರೆ ದಢ್ ಎಂಬ ಹೊಡೆತ ಬರುತ್ತದೆ. ಹುಡುಗನಿಗೆ, “ತಮ್ಮಾ, ಇದು ಕೇಬಲ್ ಅಲ್ಲ, ಕ್ಯಾಪ್ಸೂಲ್ ತೇವ ಹಿಡಿದೈತಿ. ಡೈನಾಮಿಕ್ ಇಡು, ಬ್ರಿಜ್ ಹತ್ರ ಸರಿಸು,” ಎಂದೆ. ಆ ಮಿಕ್ಸರಿನಲ್ಲಿ ಫ್ಯಾಂಟಮ್ ಸ್ವಿಚ್ ಎಲ್ಲ ಚಾನೆಲ್‌ಗಳಿಗೂ ಒಂದೇ, ಆದರೂ ಡೈನಾಮಿಕ್ ಮೈಕಿಗೆ ಹಾನಿಯಾಗುವ ಭಯವಿರಲಿಲ್ಲ. ಕೇಬಲಿನ ಮೂರು ಪಿನ್‌ಗಳಲ್ಲಿ ಸಂಕೇತ ಸಾಗಿಸುವ ಪಿನ್ 2 ಮತ್ತು 3 ಎರಡರಲ್ಲಿಯೂ ಸಮನಾದ 48 ವೋಲ್ಟ್ ಇರುವುದರಿಂದ ಸುರುಳಿಯ ಎರಡು ತುದಿಗಳ ನಡುವೆ ವ್ಯತ್ಯಾಸವಿಲ್ಲ, ಕರೆಂಟ್ ಹರಿಯುವುದಿಲ್ಲ. ಒಂದು ಪಿನ್ ನೆಲಕ್ಕೆ ತಾಗಿದ ಕೆಟ್ಟ ಕೇಬಲ್ ಇದ್ದರೆ ಮಾತ್ರ ಈ ಮಾತು ಸುಳ್ಳಾಗುತ್ತದೆ, ಹಾಗಾಗಿ ತಬಲಾದಿಂದ ಬಿಡುವಾಗಿದ್ದ, ಆಗಲೇ ಪರೀಕ್ಷೆಯಾದ ಕೇಬಲನ್ನೇ ಹಾಕಿಸಿದೆ.

ಗೇನ್, ಅಂದರೆ ಮಿಕ್ಸರ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ, ಅದನ್ನು ಕೂಡ ಲೆಕ್ಕ ಮಾಡಿಯೇ ಏರಿಸಬೇಕಾಗಿತ್ತು. ಶುರ್ ಕಂಪನಿಯ ಎಸ್‌ಎಂ58 ಎಂಬ ಡೈನಾಮಿಕ್ ಮೈಕು 1 ಪ್ಯಾಸ್ಕಲ್ ಒತ್ತಡಕ್ಕೆ ಸುಮಾರು 1.85 ಮಿಲಿವೋಲ್ಟ್ ಕೊಡುತ್ತದೆ. ಸಿತಾರಿಗೆ ಇಟ್ಟಿದ್ದಂತಹ ಕಂಡೆನ್ಸರುಗಳು ಸಾಮಾನ್ಯವಾಗಿ 10ರಿಂದ 20 ಮಿಲಿವೋಲ್ಟ್ ಕೊಡುತ್ತವೆ. ಗರಿಷ್ಠ ವ್ಯತ್ಯಾಸ ಸುಮಾರು 20 ಡೆಸಿಬೆಲ್. ಇಷ್ಟನ್ನೂ ಗೇನಿನಿಂದಲೇ ತುಂಬಿಸಲು ಹೋದರೆ ಮಾನಿಟರ್ ಕೂಗುತ್ತದೆ. ಮೈಕನ್ನು 30 ಸೆಂಟಿಮೀಟರಿನಿಂದ 10 ಸೆಂಟಿಮೀಟರಿಗೆ ತಂದದ್ದರಿಂದ ಅರ್ಧದಷ್ಟು ಸಿಕ್ಕಿತು, ಉಳಿದರ್ಧವನ್ನು ಗೇನ್‌ನಲ್ಲಿ ಕೊಟ್ಟೆ. ಜವಾರಿಯ ಹೊಳಪು ಕಡಿಮೆಯಾಯಿತು, ಮೌನ ಮಾತ್ರ ಮರಳಿ ಬಂತು.

ವಿರಾಮದಲ್ಲಿ ಮೊದಲ ಕೇಬಲಿನ ತುದಿಯಲ್ಲಿ ಅಳೆದಾಗ ಪಿನ್ 1ರಿಂದ 2ಕ್ಕೂ 3ಕ್ಕೂ 48 ವೋಲ್ಟಿನ ಆಸುಪಾಸೇ ಇತ್ತು. 44ರಿಂದ 52ರ ನಡುವೆ ಇದ್ದರೆ ಫ್ಯಾಂಟಮ್ ಸರಿಯಿದೆ ಎಂದೇ ತಿಳಿಯಬೇಕು. ಕಂಡೆನ್ಸರನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಟ್ಟೆವು, ಒಣಗಿದ ಮೇಲೆ ಅದು ಮೊದಲಿನಂತೆಯೇ ಹಾಡಿತು. ಇಂತಹ ಹೊತ್ತಿನಲ್ಲಿ ಪೊರೆಯನ್ನು ಬಟ್ಟೆಯಿಂದ ಒರೆಸುವುದು, ಹೇರ್ ಡ್ರೈಯರ್ ಹಿಡಿಯುವುದು ಎರಡೂ ಕ್ಯಾಪ್ಸೂಲಿಗೆ ಮಾರಕ. ಒಣಗಿದ ಮೇಲೂ ಸದ್ದು ಉಳಿದರೆ ಅವಾಹಕದ ಮೇಲೆ ಉಗುಳು ಅಥವಾ ಧೂಳಿನ ಉಪ್ಪಿನಂಶ ಕೂತಿರಬಹುದು, ಅದು ಸರ್ವಿಸ್ ಮಾಡುವವರ ಕೆಲಸ.

ಕೆಲವರು ಎಲೆಕ್ಟ್ರೆಟ್ ಮೈಕು ತಂದರೆ ಈ ತೊಂದರೆಯೇ ಇಲ್ಲ ಎನ್ನುತ್ತಾರೆ. ಬೆಲ್ ಪ್ರಯೋಗಾಲಯದಲ್ಲಿ ಸೆಸ್ಲರ್ ಮತ್ತು ವೆಸ್ಟ್ 1962ರಲ್ಲಿ ರೂಪಿಸಿದ ಈ ಬಗೆಯಲ್ಲಿ ಚಾರ್ಜು ಪ್ಲಾಸ್ಟಿಕ್ ಪದರದಲ್ಲೇ ಹುದುಗಿರುತ್ತದೆ, ಹೊರಗಿನಿಂದ ತುಂಬಬೇಕಾಗಿಲ್ಲ. ಆದರೆ ಎಫ್‌ಇಟಿಯ ಗೇಟ್, ಅಂದರೆ ಸಂಕೇತ ಒಳಹೋಗುವ ತುದಿ, ಅಲ್ಲಿಯೂ ಗಿಗಾಓಮಿನ ಮಟ್ಟದಲ್ಲೇ ಇರುವುದರಿಂದ ತೇವ ಅಲ್ಲಿಯೂ ಸದ್ದು ಮಾಡಬಲ್ಲದು. ತೇವಕ್ಕೆ ನಿಜವಾಗಿ ತಾಳುವುದು ಸೆನ್‌ಹೈಸರ್ ಎಂಕೆಎಚ್ ಸರಣಿಯಂತಹ ಆರ್‌ಎಫ್ ಕಂಡೆನ್ಸರುಗಳು. ಅವು ಸ್ಥಿರ ಚಾರ್ಜನ್ನು ಕಾಯುವ ಬದಲು ಕ್ಯಾಪ್ಸೂಲನ್ನು ಹೆಚ್ಚಿನ ಆವರ್ತನದ ಸರ್ಕ್ಯೂಟಿನಲ್ಲಿ ಬಳಸುತ್ತವೆ, ಆ ಆವರ್ತನದಲ್ಲಿ ಕ್ಯಾಪ್ಸೂಲಿನ ಪ್ರತಿರೋಧವೇ ಕಡಿಮೆ. ನಮ್ಮ ವ್ಯವಸ್ಥಾಪಕರು ಅದರ ಬೆಲೆ ಕೇಳಿ ಮಾತು ಬದಲಿಸಿದರು. ಸಿಲಿಕಾ ಜೆಲ್ ಪೊಟ್ಟಣಕ್ಕೂ ಮೂರು ಸಲ ನೆನಪಿಸಬೇಕಾಗಿ ಬಂದದ್ದು ನನಗೆ ಇನ್ನೂ ಬೇಸರದ ಸಂಗತಿ.

ಚೆಕ್‌ಲಿಸ್ಟಿನಲ್ಲಿ ‘ಫ್ಯಾಂಟಮ್ ಆನ್’ ಎಂಬ ಸಾಲಿನ ಮೇಲೆ ಈಗ ಇನ್ನೊಂದು ಸಾಲು ಸೇರಿಸಿದ್ದೇನೆ. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದ ಕಾರ್ಯಕ್ರಮವಿದ್ದರೆ ಕಂಡೆನ್ಸರ್ ಪೆಟ್ಟಿಗೆ ಎಸಿ ಕೋಣೆಗೆ ಹೋಗುವಂತಿಲ್ಲ. ಹೋಗಿದ್ದರೆ, ಸಭಾಂಗಣಕ್ಕೆ ಬಂದ ಮೇಲೆ ಪೆಟ್ಟಿಗೆಯನ್ನು ಮುಚ್ಚಿಯೇ ಇಟ್ಟು, ಒಳಗಿನ ಮೈಕು ಕೈಗೆ ತಣ್ಣಗೆ ತಾಗದಷ್ಟು ಬೆಚ್ಚಗಾದ ನಂತರವೇ ಸ್ಟ್ಯಾಂಡಿಗೆ ಏರಿಸಬೇಕು.