ಅಮ್ಮನ ಆರ್‌ಡಿ ರಸೀದಿಯಲ್ಲಿ ಒಂದು ರೂಪಾಯಿ: ಲೆಕ್ಕದ ಹಾಳೆಯ ಪ್ರಗತಿ

ಮೊದಲ ದಿನ

ಬದಿಯಡ್ಕದ ಬ್ಯಾಂಕೊಂದರಲ್ಲಿ ಅಮ್ಮ ಅಡಿಕೆ ಮಾರಿದ ಹಣದಿಂದ ಆರ್‌ಡಿ ತೆರೆದಿದ್ದಾರೆ. ತಿಂಗಳಿಗೆ 2,000 ರೂಪಾಯಿ ಕಂತು, ವರ್ಷಕ್ಕೆ ಶೇಕಡಾ 7 ಬಡ್ಡಿ, 12 ತಿಂಗಳ ಅವಧಿ, ಬಡ್ಡಿಗೆ ಬಡ್ಡಿ ಸೇರುವುದು ಮೂರು ತಿಂಗಳಿಗೊಮ್ಮೆ. ಅವಧಿ ಮುಗಿದಾಗ ಸಿಗುವ ಮೊತ್ತ 24,925 ರೂಪಾಯಿ ಎಂದು ರಸೀದಿಯಲ್ಲಿ ಅಚ್ಚಾಗಿದೆ. ಕಟ್ಟುವುದು ಒಟ್ಟು 24,000 ಆದ್ದರಿಂದ ಬಡ್ಡಿ 925. ಈ ಅಂಕಿ ಎಲ್ಲಿಂದ ಬಂತೆಂದು ತಿಳಿಯಲು ಲೆಕ್ಕದ ಹಾಳೆ ಮಾಡತೊಡಗಿದೆ.

ತಿಂಗಳ ಬಡ್ಡಿ 7/12 ಎಂದು ಹಿಡಿದು ಸಿದ್ಧ ಸೂತ್ರ ಹಾಕಿದಾಗ 24,929.75 ಬಂತು. ನಾನು ತಿಂಗಳು ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸಿದ್ದೆ, ಬ್ಯಾಂಕು ಸೇರಿಸುವುದು ತ್ರೈಮಾಸಿಕಕ್ಕೊಮ್ಮೆ. ಹೆಚ್ಚು ಬಂದದ್ದು ಅದರಿಂದಲೇ.

ಎರಡನೆಯ ದಿನ

ತ್ರೈಮಾಸಿಕದ ದರ 7/4, ಅಂದರೆ ಶೇಕಡಾ 1.75. ಮೊದಲ ಕಂತು ಬ್ಯಾಂಕಿನಲ್ಲಿ 12 ತಿಂಗಳು, ಅಂದರೆ ಪೂರ್ತಿ ನಾಲ್ಕು ತ್ರೈಮಾಸಿಕ ಇರುತ್ತದೆ. ಕೊನೆಯ ಕಂತು ಇರುವುದು ಒಂದೇ ತಿಂಗಳು, ಅದು ತ್ರೈಮಾಸಿಕದ ಮೂರನೆಯ ಒಂದು ಭಾಗ. ಹಾಗಾಗಿ ಒಂದು ತಿಂಗಳ ಬೆಳವಣಿಗೆ 1.0175ರ ಘನಮೂಲ. ಮೊದಲ 2,000 ಕೊನೆಗೆ 2,143.72 ಆಗುತ್ತದೆ, ಕೊನೆಯ 2,000 ಬರೀ 2,011.60. ಹೀಗೆ ಹನ್ನೆರಡು ಕಂತುಗಳನ್ನೂ ಕೂಡಿದರೆ ಅದು ಗುಣೋತ್ತರ ಶ್ರೇಢಿ. ಅದರ ಮೊತ್ತವೇ ಬ್ಯಾಂಕುಗಳ ಆರ್‌ಡಿ ಸೂತ್ರವೆಂದು ಎಲ್ಲೆಡೆ ಕಾಣುವ ಈ ಸಾಲು:

```
=2000*((1+7/400)^4-1)/(1-(1+7/400)^(-1/3))
```

ನಾನು ಮೊದಲು ಕೊನೆಯ ಘಾತಕ್ಕೆ ಆವರಣ ಹಾಕದೆ `^-1/3` ಎಂದು ಬರೆದಿದ್ದೆ. ಹಾಳೆ ಘಾತವನ್ನು -1 ಎಂದಷ್ಟೇ ಓದಿ, ಬಂದದ್ದನ್ನು 3ರಿಂದ ಭಾಗಿಸಿತು. ಉತ್ತರ 213.74. ಇಪ್ಪತ್ತನಾಲ್ಕು ಸಾವಿರ ಕಟ್ಟಿದವರಿಗೆ ಇನ್ನೂರ ಹದಿಮೂರು ರೂಪಾಯಿ ತೋರಿಸುವ ತಪ್ಪು ಒಂದು ರೀತಿಯಲ್ಲಿ ಒಳ್ಳೆಯದೇ, ಕೂಡಲೇ ಕಣ್ಣಿಗೆ ಹೊಡೆಯುತ್ತದೆ. ಅದಕ್ಕಿಂತ ಅಪಾಯಕಾರಿಯಾದದ್ದು ಕಂತನ್ನು ತಿಂಗಳ ಕೊನೆಯಲ್ಲಿ ಕಟ್ಟಿದಂತೆ ಎಣಿಸುವ ತಪ್ಪು: ಆಗ 24,780.55 ಬರುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ.

ಆವರಣ ಸರಿಮಾಡಿದ ಮೇಲೆ 24,924.26 ಬಂತು. ರೂಪಾಯಿಗೆ ಸರಿಹೊಂದಿಸಿದರೆ 24,924, ರಸೀದಿಯಲ್ಲಿರುವುದು 24,925. "ಒಂದು ರೂಪಾಯಿಗೆ ಇಷ್ಟೆಲ್ಲ ಎಂತಕ್ಕೆ?" ಎಂದು ಅಮ್ಮ ಕೇಳಿದರು. ರೂಪಾಯಿಯ ಆಸೆಯಿಂದಲ್ಲ, ಸೂತ್ರ ಬೇರೆ ಇರಬಹುದೆಂಬ ಸಂಶಯದಿಂದ ನಾನು ಮುಂದುವರಿಸಿದೆ.

ನಾಲ್ಕನೆಯ ದಿನ

ಘನಮೂಲ ತೆಗೆಯುವುದೆಂದರೆ ತ್ರೈಮಾಸಿಕದ ಒಳಗೂ ಬಡ್ಡಿ ಚಕ್ರದಂತೆ ಬೆಳೆಯುತ್ತದೆ ಎಂದು ಒಪ್ಪಿದಂತೆ. ಆದರೆ ತ್ರೈಮಾಸಿಕ ಮುಗಿಯುವವರೆಗೆ ಬಡ್ಡಿ ಅಸಲಿಗೆ ಸೇರುವುದಿಲ್ಲವಾದರೆ, ಅದರ ಒಳಗಿನ ತಿಂಗಳುಗಳಿಗೆ ಸರಳ ಬಡ್ಡಿಯೇ ಸಲ್ಲಬೇಕು. ಹಾಗೆ ಎಣಿಸಿ ನೋಡಿದೆ. ಮೂರು ಕಂತುಗಳು ಕ್ರಮವಾಗಿ 3, 2, 1 ತಿಂಗಳು ಇರುತ್ತವೆ, ಒಟ್ಟು 6 ತಿಂಗಳ ಬಡ್ಡಿ. 2,000ಕ್ಕೆ ಅದು ಸರಿಯಾಗಿ 70 ರೂಪಾಯಿ. ಆದ್ದರಿಂದ ಪ್ರತಿ ತ್ರೈಮಾಸಿಕದ ಕೊನೆಗೆ ಹಿಂದಿನ ಬಾಕಿಯನ್ನು 1.0175ರಿಂದ ಗುಣಿಸಿ 6,070 ಕೂಡಿದರೆ ಮುಗಿಯಿತು. ಬಾಕಿ ಕ್ರಮವಾಗಿ 6,070.00, ನಂತರ 12,246.23, ನಂತರ 18,530.53, ಕೊನೆಗೆ 24,924.82.

ಸರಿಹೊಂದಿಸಿದರೆ 24,925. ರಸೀದಿಗೆ ತಾಳೆಯಾಯಿತು. ಎರಡು ವಿಧಾನಗಳ ನಡುವಿನ 56 ಪೈಸೆಯೇ ಪೂರ್ಣಾಂಕದಲ್ಲಿ ರೂಪಾಯಿಯಾಗಿ ಕಾಣಿಸಿಕೊಂಡಿತ್ತು.

ಏಳನೆಯ ದಿನ

ಒಂದೇ ರಸೀದಿಯನ್ನು ನಂಬಬಾರದೆಂದು, ನನ್ನದೇ ಹಳೆಯ ಆರ್‌ಡಿಯನ್ನು ಹಾಳೆಗೆ ಹಾಕಿದೆ: ತಿಂಗಳಿಗೆ 1,000, ಶೇಕಡಾ 6, 12 ತಿಂಗಳು. ಘನಮೂಲದ ವಿಧಾನದಲ್ಲಿ 12,395.23, ಸರಳ ಬಡ್ಡಿಯ ವಿಧಾನದಲ್ಲಿ 12,395.44. ಎರಡೂ 12,395ಕ್ಕೇ ಇಳಿಯುವುದರಿಂದ ಈ ರಸೀದಿ ಯಾವ ಪಕ್ಷಕ್ಕೂ ಸಾಕ್ಷಿ ಹೇಳಲಿಲ್ಲ. ಕಂತು ಚಿಕ್ಕದಾಗಿ ಅವಧಿ ಕಡಿಮೆಯಿದ್ದರೆ ವ್ಯತ್ಯಾಸ ಪೂರ್ಣಾಂಕದ ಕೆಳಗೆ ಅಡಗಿಬಿಡುತ್ತದೆ; ಅದು ಬಯಲಾಗಲು ದೀರ್ಘ ಅವಧಿಯ ಠೇವಣಿ ಬೇಕು. ತಿಂಗಳಿಗೆ 2,000, ಶೇಕಡಾ 7, ಐದು ವರ್ಷ ಎಂದು ಹಾಕಿದಾಗ ಅಂತರ 3 ರೂಪಾಯಿ 20 ಪೈಸೆಗೆ ಬೆಳೆಯಿತು.

ಹಾಳೆಯಲ್ಲಿ ಈಗ ಎರಡು ಕಂಬಗಳನ್ನು ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ. 12, 24, 60 ತಿಂಗಳಿನಂತೆ ಮೂರರಿಂದ ಭಾಗವಾಗುವ ಅವಧಿಗಳಿಗೆ ಮಾತ್ರ ಅದು ಸರಿಯಾಗಿ ನಡೆಯುತ್ತದೆ. 14 ತಿಂಗಳ ಠೇವಣಿಯಲ್ಲಿ ಕೊನೆಯ ಎರಡು ತಿಂಗಳು ಪೂರ್ತಿ ತ್ರೈಮಾಸಿಕವಲ್ಲ. ಅಲ್ಲಿ ಹಳೆಯ ಬಾಕಿಗೆ ಸರಳ ಬಡ್ಡಿ ಸೇರಿಸುವ ಸಾಲನ್ನು ಇನ್ನೂ ಬರೆಯಬೇಕಾಗಿದೆ.

ನಿನ್ನೆ ಕುಂಬಳೆಯ ದೊಡ್ಡಮ್ಮ ತಮ್ಮ ಐದು ವರ್ಷದ ರಸೀದಿ ತಂದುಕೊಟ್ಟರು. ಕಂತೂ ದರವೂ ಅಮ್ಮನದ್ದೇ. ಹಾಳೆಯ ಒಂದು ಕಂಬ 1,43,865.58 ಎನ್ನುತ್ತದೆ, ಇನ್ನೊಂದು 1,43,868.78. ರಸೀದಿಯಲ್ಲಿರುವುದು 1,43,869.