ಜನವರಿ 18, 2026, ಭಾನುವಾರ: ಸಂಬಳ ಇಲ್ಲದ ಕೆಲಸಕ್ಕೊಂದು ಕಾಗದ

ಮುಂದಿನ ಶನಿವಾರ ಮಂಡ್ಯದ ಹತ್ತಿರದ ಆಲೆಮನೆಯಲ್ಲಿ ನಮ್ಮ ಕಿರುಚಿತ್ರದ ಶೂಟಿಂಗ್ ಶುರು. ಸೋಮವಾರ ಗಣರಾಜ್ಯೋತ್ಸವದ ರಜೆ ಸೇರಿದರೆ ಮೂರು ದಿನ ಸಿಗುತ್ತದೆ. ಕ್ಯಾಮೆರಾ, ಸೌಂಡ್, ಎಡಿಟಿಂಗ್, ಸಂಗೀತ, ಸಹಾಯಕ ನಿರ್ದೇಶನ, ಇಷ್ಟಕ್ಕೂ ಒಬ್ಬೊಬ್ಬ ಗೆಳೆಯರಿದ್ದಾರೆ. ಕಥೆ, ನಿರ್ದೇಶನ ಮತ್ತು ಖರ್ಚು ನನ್ನದು. ಒಟ್ಟು ಆರು ಜನ, ಯಾರಿಗೂ ಸಂಬಳ ಇಲ್ಲ. ಇವತ್ತು ಇಡೀ ದಿನ ಮೈಸೂರಿನ ಮನೆಯಲ್ಲಿ ಕೂತು ಆರೂ ಜನ ಸಹಿ ಹಾಕುವ ಒಪ್ಪಂದ ಬರೆದೆ. ನಟಿಸುವವರದ್ದು ಬೇರೆ ಕಾಗದ.

ಕ್ಯಾಮೆರಾದವನಿಗೆ ಫೋನ್ ಮಾಡಿ ಹೇಳಿದರೆ, "ನಮ್ ನಮ್ಮಲ್ಲೇ ಎಂಥ ಅಗ್ರಿಮೆಂಟ್ಲಾ? ಅದೇನ್ ಬರೀತಿಯೋ ಬರ್ಕೊ, ಸೈನ್ ಹಾಕ್ತೀನಿ ಬುಡು" ಅಂದ. ಓದದೆ ಹಾಕಿದ ಸಹಿ ನನಗೆ ಬೇಡ. ಸೌಂಡ್ ಮಾಡುವವಳು ಮಾತ್ರ ತಕ್ಷಣ ಒಪ್ಪಿದಳು. ಅವಳು ಇನ್ಯಾರದೋ ಚಿತ್ರಕ್ಕೆ ಮೂರು ರಾತ್ರಿ ಬೂಮ್ ಹಿಡಿದು, ಆಮೇಲೆ ಡಬ್ಬಿಂಗ್ ಕೂಡ ಸರಿಮಾಡಿ ಕೊಟ್ಟಿದ್ದಳು. ಕೊನೆಗೆ ಅವಳ ಹೆಸರು ಬಂದದ್ದು "ಕೃತಜ್ಞತೆಗಳು" ಪಟ್ಟಿಯಲ್ಲಿ, ಊಟ ಕೊಟ್ಟ ಹೋಟೆಲಿನ ಕೆಳಗೆ.

ಮೊದಲು ಬರೆದದ್ದು ಬಿಟ್ಟಿ ಕೆಲಸದ ಬಗ್ಗೆ. "ಯಾರಿಗೂ ಸಂಬಳ ಇಲ್ಲ" ಎಂದು ಒಂದು ಸಾಲು ಬರೆದರೆ ಸಾಲದು. ಆ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದೂ ಬರೆಯಬೇಕು. ಶೂಟಿಂಗಿಗೆ ಅದು ಸುಲಭ: ಮೂರು ದಿನ, ದಿನಕ್ಕೆ ಹತ್ತು ಗಂಟೆ. ಅದಕ್ಕಿಂತ ಜಾಸ್ತಿ ಆದರೆ "ನಾನು ಹೊರಟೆ" ಎನ್ನುವ ಹಕ್ಕು ಎಲ್ಲರಿಗೂ ಇದೆ. ಬೆಲ್ಲದ ಕೊಪ್ಪರಿಗೆ ಕುದಿಯುವುದನ್ನು ತೆಗೆಯಲು ಬೆಳಗಿನ ಜಾವವೇ ಹೋಗಬೇಕು, ಹಾಗಾಗಿ ಆವತ್ತು ಮಧ್ಯಾಹ್ನವೇ ಪ್ಯಾಕಪ್.

ಕಷ್ಟ ಇರುವುದು ಎಡಿಟರ್ ವಿಷಯದಲ್ಲಿ. ಕ್ಯಾಮೆರಾದವನ ಕೆಲಸ ಮೂರು ದಿನಕ್ಕೆ ಮುಗಿದರೆ ಇವಳದ್ದು ಆಗ ತಾನೇ ಶುರು. "ಇನ್ನೊಂದ್ಸಲ ಆ ಸೀನ್ ನೋಡ್ತೀಯಾ" ಅಂತ ನಾನು ತಿಂಗಳುಗಟ್ಟಲೆ ಕೇಳುತ್ತಾ ಹೋಗಬಹುದು, ಸ್ನೇಹಕ್ಕೆ ಅವಳು ಇಲ್ಲ ಎನ್ನುವುದಿಲ್ಲ. ಗೆಳೆಯರ ಚಿತ್ರಗಳು ಅರ್ಧಕ್ಕೆ ನಿಲ್ಲುವುದು ಹೆಚ್ಚಾಗಿ ಈ ಹಂತದಲ್ಲೇ. ಫೋನ್ ಎತ್ತುವುದು ನಿಧಾನವಾಗಿ ಕಡಿಮೆಯಾಗುತ್ತದೆ, ಫೈಲೆಲ್ಲ ಅವರ ಹಾರ್ಡ್‌ಡಿಸ್ಕಿನಲ್ಲೇ ಉಳಿಯುತ್ತದೆ. ಅದಕ್ಕೆ ಹೀಗೆ ಬರೆದೆ: ಒಂದು ರಫ್ ಕಟ್, ಆಮೇಲೆ ಎರಡು ಸುತ್ತು ತಿದ್ದುಪಡಿ, ಅಲ್ಲಿಗೆ ಪಿಕ್ಚರ್ ಲಾಕ್. ಪ್ರತಿ ಸುತ್ತಿನ ತಿದ್ದುಪಡಿಗಳನ್ನು ನಾನು ಒಂದೇ ಸಲ ಪಟ್ಟಿ ಮಾಡಿ ಕೊಡಬೇಕು, ರಾತ್ರಿ ಹನ್ನೊಂದಕ್ಕೆ ಒಂದೊಂದೇ ವಾಯ್ಸ್ ನೋಟ್ ಕಳಿಸುವಂತಿಲ್ಲ. ಲಾಕ್ ಆದ ಮೇಲೆ ಏನಾದರೂ ಬೇಕಾದರೆ ಅದು ಹೊಸ ಕೆಲಸ. ಅವಳು ಒಪ್ಪಬಹುದು, ಒಪ್ಪದೆಯೂ ಇರಬಹುದು. ಫೂಟೇಜಿನ ಒಂದು ಪ್ರತಿ ಮೊದಲ ದಿನದಿಂದಲೇ ನನ್ನ ಬಳಿಯೂ ಇರುತ್ತದೆ.

ಸಂಬಳ ಇಲ್ಲ ಅಂದರೆ ಕೈಯಿಂದ ಖರ್ಚು ಮಾಡಿ ಅಂತ ಅಲ್ಲ. ಊಟ, ಪೆಟ್ರೋಲ್, ಲೆನ್ಸ್ ಬಾಡಿಗೆ ನನ್ನದು. ಗೆಳೆಯರದ್ದೇ ಸಾಮಾನು ಶೂಟಿಂಗಿನಲ್ಲಿ ಹಾಳಾದರೆ ರಿಪೇರಿಯೂ ನನ್ನದೇ, ಯಾರ ಕೈಯಿಂದ ಬಿತ್ತು ಅನ್ನೋ ವಿಚಾರಣೆ ಇಲ್ಲ. ಆಲೆಮನೆಯ ಹಬೆಗೆ ಲೆನ್ಸಿನ ಮೇಲೆ ನೀರು ಕೂರುವುದು ಗ್ಯಾರಂಟಿ.

"ಲಾಭ ಬಂದರೆ ಹಂಚಿಕೊಳ್ಳೋಣ" ಎಂಬ ಸಾಲನ್ನು ಬರೆದು ಹೊಡೆದು ಹಾಕಿದೆ. ಲಾಭ ಅಂದರೆ ಯಾವುದು? ನನ್ನ ಅಂದಾಜು ಖರ್ಚು 26,500 ರೂಪಾಯಿ. ಎಲ್ಲೋ ಬಹುಮಾನ ಬಂದು ಕೈಗೆ 40,000 ಸಿಕ್ಕಿತು ಅಂದುಕೊಳ್ಳಿ. ಬಿಲ್ ಇರುವ ಖರ್ಚು ಮೊದಲು ಕಳೆಯಬೇಕು, ಉಳಿದ 13,500 ಆರು ಪಾಲು, ತಲೆಗೆ 2,250. ಈ ಲೆಕ್ಕವನ್ನೇ ಉದಾಹರಣೆಯಾಗಿ ಕಾಗದದಲ್ಲಿ ಹಾಕಿದ್ದೇನೆ. ಬಿಲ್ ಇಲ್ಲದ ಖರ್ಚು ಕಳೆಯುವ ಹಾಗಿಲ್ಲ. ಇದು ನನಗೇ ಹಾಕಿಕೊಂಡ ಲಗಾಮು.

ಇನ್ನು ಕ್ರೆಡಿಟ್. ಪ್ರತಿಯೊಬ್ಬರ ಹೆಸರಿನ ಮುಂದೆ ತೆರೆಯ ಮೇಲೆ ಬರುವ ಪದವನ್ನೇ ಬರೆದೆ, ಜೊತೆಗೆ ಕನ್ನಡ ಮತ್ತು ಇಂಗ್ಲಿಷ್ ಸ್ಪೆಲಿಂಗ್ ಅವರ ಕೈಯಲ್ಲೇ ತುಂಬಿಸುವ ಜಾಗ. ಒಬ್ಬ ಅರ್ಧಕ್ಕೆ ಬಿಟ್ಟು ಹೋದರೆ? ಶೂಟಿಂಗಿನಲ್ಲಿ ಹೆಚ್ಚು ದಿನ ಕ್ಯಾಮೆರಾ ಮಾಡಿದವರಿಗೆ "ಛಾಯಾಗ್ರಹಣ", ಉಳಿದ ದಿನ ಮಾಡಿದವರಿಗೆ "ಹೆಚ್ಚುವರಿ ಛಾಯಾಗ್ರಹಣ". ಎಡಿಟಿಂಗಿಗೆ ದಿನದ ಲೆಕ್ಕ ಸರಿಹೋಗದು, ಹಾಗಾಗಿ ಪಿಕ್ಚರ್ ಲಾಕ್ ಯಾರ ಕೈಯಲ್ಲಿ ಆಯಿತೋ ಅವರಿಗೆ "ಸಂಕಲನ", ಮೊದಲು ಮಾಡಿದವರಿಗೆ "ಹೆಚ್ಚುವರಿ ಸಂಕಲನ". ಜಗಳ ಆಯ್ತು ಅಂತ ಮಾಡಿದ ಕೆಲಸದ ಕ್ರೆಡಿಟ್ ತೆಗೆಯುವಂತಿಲ್ಲ. ಆದರೆ ತಮ್ಮ ಹೆಸರು ಬೇಡ ಅಂತ ಅವರೇ ಕೇಳಿದರೆ, ಲಾಕ್ ಆಗುವ ಮೊದಲು ಕೇಳಿದರೆ, ತೆಗೆಯಲೇಬೇಕು.

ಕಾನೂನಿನ ಒಂದೆರಡು ಮಾತು ಇಲ್ಲಿ ಬೇಕು. 1872ರ ಭಾರತೀಯ ಕರಾರು ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಪ್ರತಿಫಲ ಇಲ್ಲದ ಒಪ್ಪಂದ ನಿಲ್ಲುವುದಿಲ್ಲ. ಪ್ರತಿಫಲ ಹಣವೇ ಆಗಬೇಕಿಲ್ಲ, ಕೊಟ್ಟ ಮಾತೂ ಆಗಬಹುದು. ಅದಕ್ಕೇ "ಉಚಿತವಾಗಿ ಸಹಾಯ ಮಾಡುತ್ತಾರೆ" ಎಂದು ಬರೆಯಲಿಲ್ಲ. ಅವರು ಇಂಥ ಕೆಲಸ ಮಾಡುತ್ತಾರೆ, ಅದಕ್ಕೆ ಬದಲಾಗಿ ನಾನು ಇಂಥ ಕ್ರೆಡಿಟ್, ಚಿತ್ರದ ಪ್ರತಿ, ಮೇಲೆ ಹೇಳಿದ ಪಾಲು ಕೊಡುತ್ತೇನೆ ಎಂದು ಎರಡೂ ಕಡೆಯ ಮಾತು ಬರೆದೆ.

ಸಂಗೀತದವನ ಜೊತೆ ಮಾತ್ರ ಸಂಜೆ ಒಂದು ಗಂಟೆ ಚರ್ಚೆ ಆಯಿತು. ಚಿತ್ರದ ಹಕ್ಕು ನಿರ್ಮಾಪಕನಾದ ನನ್ನದು. ಟ್ಯೂನ್ ಅವನ ಬಳಿಯೇ ಇರಲಿ ಎಂದು ಇಬ್ಬರೂ ಒಪ್ಪಿದೆವು, ಚಿತ್ರದಲ್ಲಿ ಬಳಸಲು ಅವನು ನನಗೆ ಅನುಮತಿ ಕೊಡುತ್ತಾನೆ. ಆದರೆ "ಬಳಸಬಹುದು" ಎಂದಷ್ಟೇ ಬರೆದರೆ ಸಿಕ್ಕಿಹಾಕಿಕೊಳ್ಳುತ್ತೇವೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ, ಅವಧಿ ಹೇಳದಿದ್ದರೆ ಐದು ವರ್ಷ ಎಂದೂ ಜಾಗ ಹೇಳದಿದ್ದರೆ ಭಾರತದೊಳಗೆ ಎಂದೂ ಲೆಕ್ಕ. ನಾನು ಚಿತ್ರವನ್ನು ಹೊರದೇಶದ ಫೆಸ್ಟಿವಲಿಗೂ ಕಳಿಸಬೇಕು, ಆಮೇಲೆ ಯೂಟ್ಯೂಬಿಗೆ ಹಾಕಬೇಕು. ಹಾಗಾಗಿ "ಕಾಪಿರೈಟ್ ಇರುವವರೆಗೆ, ಪ್ರಪಂಚದ ಎಲ್ಲ ಕಡೆ, ಈ ಚಿತ್ರಕ್ಕೆ ಮತ್ತು ಅದರ ಟ್ರೇಲರಿಗೆ ಮಾತ್ರ" ಎಂದು ಬರೆದೆವು. ಅವನು ಟ್ಯೂನನ್ನು ಬೇರೆಯಾಗಿ ಬಿಡುಗಡೆ ಮಾಡಿದರೆ ಯೂಟ್ಯೂಬ್ ತಾನಾಗಿಯೇ ನಮ್ಮ ಚಿತ್ರದ ಮೇಲೆ ಕ್ಲೈಮ್ ಹಾಕಬಹುದು, ಅದನ್ನು ತೆಗೆಸುವುದು ಅವನ ಜವಾಬ್ದಾರಿ. "ಇದೊಂದು ನಂಗೆ ಹೊಳ್ದೇ ಇರ್ಲಿಲ್ಲ ಕಣೋ" ಅಂದ.

ಎಲ್ಲ ಸೇರಿ ಎರಡು ಪುಟ. ಮೂರನೆಯದಕ್ಕೆ ಹೋದರೆ ಯಾರೂ ಓದುವುದಿಲ್ಲ.

ಒಂದು ಮಾತ್ರ ಬಾಕಿ. ಸಹಾಯಕ ನಿರ್ದೇಶಕಿ ಲೊಕೇಶನ್ ಹುಡುಕಿದ್ದಾಳೆ, ಶೆಡ್ಯೂಲ್ ಹಾಕಿದ್ದಾಳೆ, ಎರಡು ಸೀನಿನ ಮಾತೂ ಬರೆದಿದ್ದಾಳೆ. ಅವಳಿಗೆ "ಸಹಾಯಕ ನಿರ್ದೇಶನ" ಸಾಕಾ, ಅಥವಾ "ಸಂಭಾಷಣೆ"ಯಲ್ಲೂ ನನ್ನ ಜೊತೆ ಹೆಸರು ಬರಬೇಕಾ? ನನಗೆ ಎರಡನೆಯದೇ ನ್ಯಾಯ ಅನ್ನಿಸುತ್ತದೆ. ಹೆಸರು ಹೇಗೇ ಬಂದರೂ ಆ ಎರಡು ಸೀನಿನ ಬರವಣಿಗೆಗೂ ಅವಳಿಂದ ಲಿಖಿತ ಅನುಮತಿ ಬೇಕು. ಗುರುವಾರ ಎಲ್ಲರೂ ಸಿಗುತ್ತಾರೆ, ಅವಳನ್ನೇ ಕೇಳಿ ಆ ಖಾಲಿ ಜಾಗ ತುಂಬಬೇಕು. ಆರು ಪ್ರತಿ ಜೆರಾಕ್ಸ್, ಎಲ್ಲ ಪುಟಕ್ಕೂ ಸಹಿ.